ಅಕ್ಕನ ರಾಗಿ ಮತ್ತು ನನ್ನ ಗಡಿಯಾರ

ನಾನು ಬೇಸಾಯಗಾರನ ಮಗ. ಆದರೆ ನೇಗಿಲು ಹಿಡಿದವನಲ್ಲ. ನಮ್ಮಪ್ಪ ಹೊಲಕ್ಕೆ ಕರೆದಾಗಲೆಲ್ಲ ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡವನು. ಅಂಥವನು ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಹೊಲವನ್ನೇ ಸೃಷ್ಟಿಸಲು ಹೊರಟೆನೆಂದರೆ ಸಹಪಾಠಿಗಳು ನಗುವುದು ಸಹಜ. ಹೊಲವೆಂದರೆ ಮಣ್ಣಿನದಲ್ಲ, ಮೊಬೈಲ್ ಫೋನಿನ ಪರದೆಯ ಮೇಲಿನದು. ಆರು ಅಂಗುಲದ ಆ ಜಮೀನಿಗೆ ಪಹಣಿಯೂ ಇಲ್ಲ, ಕಂದಾಯವೂ ಇಲ್ಲ. ಗೋಡೋ ಎಂಬ, ಉಚಿತವಾಗಿ ದೊರೆಯುವ ತಂತ್ರಾಂಶವೊಂದನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಇತಿಹಾಸದ ಟಿಪ್ಪಣಿಗಳನ್ನು ಮೂಲೆಗೆ ಸರಿಸಿ, ಎರಡು ತಿಂಗಳು ಕುಳಿತು ಒಂದು ಬೇಸಾಯದ ಆಟ ಕಟ್ಟಿದೆ. ಅದಕ್ಕೆ ‘ಹೊಲ’ ಎಂದೇ ಹೆಸರಿಟ್ಟೆ. ಹೆಸರಿಡುವಾಗ ನನಗಿದ್ದ ಹೆಮ್ಮೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆ ನಾಚಿಕೆಯ ಕಥೆಯೇ ಈ ಲೇಖನ.

ಆಟವೇನೋ ಸರಳ. ಇಪ್ಪತ್ತನಾಲ್ಕು ಮಡಿಗಳು. ಮಡಿಯನ್ನು ಅಗೆಯಬೇಕು, ಬೀಜ ಹಾಕಬೇಕು, ನೀರೆರೆಯಬೇಕು, ಮಾಗಿದ ಮೇಲೆ ಕೊಯ್ದು ಸಂತೆಯಲ್ಲಿ ಮಾರಬೇಕು. ಚಿತ್ರಗಳನ್ನು ಬರೆದದ್ದೂ ನಾನೇ. ಎತ್ತು ಕತ್ತೆಯ ಹಾಗೆ ಕಾಣುತ್ತದೆಂದು ಹಾಸ್ಟೆಲಿನ ಮಿತ್ರರು ಹೇಳಿದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕಷ್ಟವಿದ್ದುದು ಚಿತ್ರದಲ್ಲಲ್ಲ, ಕಾಲದಲ್ಲಿ. ಸೊಪ್ಪು ಎಷ್ಟು ಹೊತ್ತಿಗೆ ಬೆಳೆಯಬೇಕು? ರಾಗಿ ಎಷ್ಟು ಹೊತ್ತಿಗೆ? ಆಡುವವರಿಗೆ ದಿನಕ್ಕೆ ಎಷ್ಟು ತ್ರಾಣ ಕೊಡಬೇಕು? ನಮ್ಮಪ್ಪನನ್ನು ಕೇಳಿದೆ. “ರಾಗಿಗೆ ನೂರಾ ಹತ್ತು ದಿನ, ನೂರಾ ಇಪ್ಪತ್ತು ದಿನ ಬೇಕು ಕಣಪ್ಪ, ತಳಿ ನೋಡ್ಕೊಂಡು,” ಎಂದರು. ನೂರಾ ಹತ್ತು ದಿನ ಯಾರು ಆಟ ಆಡುತ್ತಾ ಕಾಯುತ್ತಾರೆ? ಹಾಗಾಗಿ ಕಾಲವನ್ನು ಕುಗ್ಗಿಸುವುದು ಅನಿವಾರ್ಯವಾಯಿತು. ಎಷ್ಟು ಕುಗ್ಗಿಸಬೇಕೆಂಬುದೇ ಪ್ರಶ್ನೆ.

ಇದಕ್ಕೆ ಹಿರಿಯರು ಹಾಕಿಕೊಟ್ಟ ದಾರಿಗಳು ಮುಖ್ಯವಾಗಿ ಎರಡು. 2009ರಲ್ಲಿ ಬಂದು, ಫೇಸ್‌ಬುಕ್ಕಿನಲ್ಲಿ ಮನೆಮಾತಾಗಿ, 2020ರ ಡಿಸೆಂಬರ್ ಕೊನೆಯ ದಿನ ಮುಚ್ಚಿಹೋದ ‘ಫಾರ್ಮ್‌ವಿಲ್’ ಆಟದಲ್ಲಿ ಬೆಳೆ ಬೆಳೆಯುತ್ತಿದ್ದುದು ನಮ್ಮ ಗೋಡೆ ಗಡಿಯಾರದ ಪ್ರಕಾರ. ಸ್ಟ್ರಾಬೆರಿ ಹಣ್ಣಿಗೆ ನಾಲ್ಕು ಗಂಟೆ. ಫೋನು, ಗಣಕ ಎಲ್ಲವನ್ನೂ ಮುಚ್ಚಿ ಮಲಗಿದರೂ ಬೆಳೆ ಬೆಳೆಯುತ್ತಿತ್ತು. ಮಾಗಿದ ಮೇಲೆ ಸಕಾಲಕ್ಕೆ ಬಾರದಿದ್ದರೆ ಬಾಡಿಹೋಗುತ್ತಿತ್ತು. ಇನ್ನೊಂದು ದಾರಿ 2016ರಲ್ಲಿ ಎರಿಕ್ ಬರೋನ್ ಎಂಬಾತ ಒಬ್ಬನೇ ಕಟ್ಟಿದ ‘ಸ್ಟಾರ್‌ಡ್ಯೂ ವ್ಯಾಲಿ’ಯದು. ಅಲ್ಲಿ ಆಟಕ್ಕೆ ತನ್ನದೇ ಗಡಿಯಾರ. ಆಟ ತೆರೆದಿದ್ದಾಗ ಮಾತ್ರ ಅದು ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ನಮ್ಮ ಸುಮಾರು ಹದಿನಾಲ್ಕು ನಿಮಿಷಕ್ಕೆ ಅಲ್ಲಿ ಒಂದು ದಿನ. ಇಪ್ಪತ್ತೆಂಟು ದಿನಕ್ಕೆ ಒಂದು ಋತು.

ನಾನು ಮೊದಲನೆಯ ದಾರಿ ಹಿಡಿದೆ. ಕಾರಣ ಹೇಳಿಬಿಡುತ್ತೇನೆ: ಸುಲಭವಾಗಿತ್ತು, ಮತ್ತು ಜನ ಮತ್ತೆ ಮತ್ತೆ ಬಂದು ನೋಡುತ್ತಾರೆಂಬ ಆಸೆಯಿತ್ತು. ಸೊಪ್ಪಿಗೆ ನಾಲ್ಕು ಗಂಟೆ, ಟೊಮೇಟೊಗೆ ಎಂಟು, ರಾಗಿಗೆ ಇಪ್ಪತ್ತನಾಲ್ಕು. ಬೆಳೆಯಲು ಹಿಡಿದ ಕಾಲದ ಅರ್ಧದಷ್ಟು ಹೊತ್ತು ಮಾಗಿದ ಬೆಳೆ ಕಾಯುತ್ತದೆ, ಆಮೇಲೆ ಬಾಡುತ್ತದೆ. ತ್ರಾಣ ಇಪ್ಪತ್ತು, ಒಂದು ಕೆಲಸಕ್ಕೆ ಒಂದು ಖರ್ಚು, ಐದು ನಿಮಿಷಕ್ಕೊಂದರಂತೆ ಮರಳಿ ತುಂಬುತ್ತದೆ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಂಡಿತು.

ಮೊದಲ ಆಟಗಾರ್ತಿ ನಮ್ಮಕ್ಕ. ಅವಳು ಪಕ್ಕದ ಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಐದೂವರೆಗೆ ಎದ್ದು ಅಡುಗೆ ಮಾಡಿ ಏಳರ ಬಸ್ಸು ಹಿಡಿದರೆ ಮರಳುವುದು ರಾತ್ರಿ ಎಂಟೂವರೆಗೆ. ನನ್ನ ಕಾಲೇಜಿನ ಫೀಸು ಯಾರ ಸಂಬಳದಿಂದ ಬರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಊಟವಾಗಿ, ಪಾತ್ರೆ ತೊಳೆದು, ಹತ್ತು ಗಂಟೆಯ ಮೇಲೆ ಅವಳಿಗೆ ಅರ್ಧ ಗಂಟೆಯಷ್ಟು ಬಿಡುವು. “ತಮ್ಮ ಮಾಡಿದ್ದು” ಎಂದು ಅವಳು ಆ ಅರ್ಧ ಗಂಟೆಯನ್ನು ನನ್ನ ಹೊಲಕ್ಕೆ ಕೊಟ್ಟಳು.

ಆಟಗಾರರು ಏನು ಮಾಡಿದರೆಂಬುದನ್ನು ಫೋನಿನಲ್ಲೇ ಒಂದು ಪಟ್ಟಿಯಾಗಿ ಬರೆದಿಡುವಂತೆ ನಾನು ಏರ್ಪಾಟು ಮಾಡಿದ್ದೆ. ಎಷ್ಟು ಹೊತ್ತಿಗೆ ತೆರೆದರು, ಏನು ಬಿತ್ತಿದರು, ಎಷ್ಟು ಹೊತ್ತಿಗೆ ಮುಚ್ಚಿದರು ಎಂಬುದಿಷ್ಟೆ. ಈ ವಿಷಯ ಅಕ್ಕನಿಗೂ ಗೊತ್ತಿತ್ತು. ಒಂದು ವಾರ ಕಳೆದ ಮೇಲೆ ಆ ಪಟ್ಟಿಯನ್ನು ತೆರೆದು ನೋಡಿದೆ. ಮಂಗಳವಾರ ರಾತ್ರಿ 10:20ಕ್ಕೆ ತೆರೆದಿದ್ದಾಳೆ. ಮತ್ತೆ 10:50ಕ್ಕೆ, 11:20ಕ್ಕೆ, 11:50ಕ್ಕೆ. ಅದರ ಕೆಳಗಿನ ಸಾಲು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬುಧವಾರ, ಬೆಳಗಿನ ಜಾವ 3:55.

ಯಾಕೆಂದು ಲೆಕ್ಕ ಹಾಕಿದೆ. ಒಂದು ಮಡಿಗೆ ಅಗೆತ, ಬಿತ್ತನೆ, ನೀರು ಎಂದು ಮೂರು ಕೆಲಸ. ಇಪ್ಪತ್ತು ತ್ರಾಣದಲ್ಲಿ ಆರು ಮಡಿ ಮಾತ್ರ ಆಗುತ್ತದೆ. ಅರ್ಧ ಗಂಟೆ ಕಾದರೆ ಆರು ತ್ರಾಣ, ಅಂದರೆ ಇನ್ನೆರಡು ಮಡಿ. ಹೀಗೆ ನಾಲ್ಕು ಸಲ ತೆರೆದು ಅವಳು ಬಿತ್ತಿದ್ದು ಹನ್ನೆರಡು ಮಡಿ, ಹೊಲದ ಅರ್ಧ. ಪೂರ್ತಿ ಬಿತ್ತಲು ಎಪ್ಪತ್ತೆರಡು ತ್ರಾಣ ಬೇಕು. ಕೈಯಲ್ಲಿರುವ ಇಪ್ಪತ್ತನ್ನು ಕಳೆದರೆ ಐವತ್ತೆರಡು. ಐದೈದು ನಿಮಿಷದಂತೆ ನಾಲ್ಕು ಗಂಟೆ ಇಪ್ಪತ್ತು ನಿಮಿಷದ ಕಾಯುವಿಕೆ. ಇಷ್ಟಾದ ಮೇಲೆ ಸೊಪ್ಪಿನ ಸರದಿ. ಮೊದಲ ಮಡಿಗಳ ಸೊಪ್ಪು ಮಾಗಿದ್ದು ರಾತ್ರಿ 2:25ಕ್ಕೆ, ಬಾಡುವುದು 4:25ಕ್ಕೆ. ಕೊನೆಯ ಮಡಿಗಳದು ಮಾಗುವುದು 3:50ಕ್ಕೆ. ಹನ್ನೆರಡೂ ಮಡಿ ಒಮ್ಮೆಗೇ ಕೈಗೆ ಸಿಗಬೇಕಾದರೆ 3:50ರಿಂದ 4:25ರ ಒಳಗೆ ಏಳಬೇಕು. ಅಕ್ಕ ಅಲಾರಂ ಇಟ್ಟುಕೊಂಡು 3:55ಕ್ಕೆ ಎದ್ದಿದ್ದಾಳೆ! ಐದೂವರೆಗೆ ಏಳಬೇಕಾದವಳು.

ಮರುದಿನ ಅವಳನ್ನು ಕೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಬಯ್ಯಲಿಲ್ಲ. “ಹಗಲೆಲ್ಲಾ ಸೂಪರ್‌ವೈಸರ್ ಗಡಿಯಾರ ಕಣೋ, ಗಂಟೆಗಿಷ್ಟು ಪೀಸು ಅಂತ. ರಾತ್ರಿ ನಿನ್ನ ಗಡಿಯಾರ. ಸೊಪ್ಪು ಬಾಡ್ತಿದ್ರೆ ಮಲಗೋಕೆ ಮನಸ್ಸು ಬರುತ್ತೇನೋ?” ಎಂದು ನಕ್ಕಳು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಪಟ್ಟಿಯಲ್ಲಿ ಇನ್ನೂ ಒಂದು ವಿಚಿತ್ರ ಕಂಡಿತು. ರಾಗಿಗೆ ನಾನು ಇಟ್ಟಿದ್ದು ಸರಿಯಾಗಿ ಇಪ್ಪತ್ತನಾಲ್ಕು ಗಂಟೆ. ದಿನಕ್ಕೊಂದು ಸಲ ಬರುವವರಿಗೆ ದಿನಕ್ಕೊಂದು ಬೆಳೆ ಎಂದು ನನ್ನ ಎಣಿಕೆ. ಆದರೆ ಹಿಂದಿನ ಸೋಮವಾರ 10:10ಕ್ಕೆ ಬಿತ್ತಿದ ರಾಗಿ ಮಂಗಳವಾರ 10:10ಕ್ಕೆ ಮುಂಚೆ ಮಾಗುವುದಿಲ್ಲ. ಕೊಯ್ದು, ಅಗೆದು, ಮತ್ತೆ ಬಿತ್ತುವಷ್ಟರಲ್ಲಿ 10:25. ಬುಧವಾರ 10:40. ಹೀಗೆ ದಿನಕ್ಕೆ ಕಾಲು ಗಂಟೆ ಜಾರುತ್ತಾ ಶನಿವಾರದ ಹೊತ್ತಿಗೆ 11:25. ಇಪ್ಪತ್ತನಾಲ್ಕು ಗಂಟೆಯ ಬೆಳೆ ದಿನದ ಬೆಳೆಯಲ್ಲ. ಅದು ನಿದ್ದೆಯನ್ನು ದಿನಕ್ಕೆ ಕಾಲು ಗಂಟೆಯಂತೆ ತಿನ್ನುವ ಬೆಳೆ. ದಿನಕ್ಕೊಮ್ಮೆ ಬರುವವರಿಗೆಂದು ಬೆಳೆ ಇಡುವುದಾದರೆ ಇಪ್ಪತ್ತು ಗಂಟೆಗೆ ಮಾಗಬೇಕು. ಆಗ ನಿನ್ನೆಗಿಂತ ಒಂದೆರಡು ಗಂಟೆ ಮುಂಚೆ ಬಂದರೂ ಬೆಳೆ ಸಿದ್ಧವಾಗಿರುತ್ತದೆ. ಮಾಗಿದ ಮೇಲೆ ಬಾಡಲೂ ಬಾರದು. ಈ ಎರಡು ತಿದ್ದುಪಡಿಗಳಿಂದ ಗೋಡೆ ಗಡಿಯಾರದ ಆಟವನ್ನೂ ಸಹ್ಯವಾಗಿಸಬಹುದು.

ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಈ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, “ಇದು ಗೇಣಿ ಪದ್ಧತಿಯಪ್ಪ. ಹೊಲ ನಿನ್ನದು, ದುಡಿಮೆ ಅವಳದು, ಅವಳು ಅಲ್ಲಿಲ್ಲದ ಹೊತ್ತಿಗೂ ನೀನು ಪಾಲು ಕೇಳುತ್ತಿದ್ದೀಯ,” ಎಂದರು. ಫಾರ್ಮ್‌ವಿಲ್‌ನಂಥ ಆಟಗಳಿಗಾದರೂ ಒಂದು ಲಾಭವಿತ್ತು; ಕಾಯಲಾರದವರಿಗೆ ಬೆಳೆಯನ್ನು ಬೇಗ ಮಾಗಿಸುವ ಉಪಾಯವನ್ನು ಅವು ದುಡ್ಡಿಗೆ ಮಾರುತ್ತಿದ್ದವು. ಕಾಯಿಸುವುದೇ ಅಲ್ಲಿನ ವ್ಯಾಪಾರ. ನಾನು ಏನನ್ನೂ ಮಾರುತ್ತಿರಲಿಲ್ಲ. ಅಕ್ಕನ ನಿದ್ದೆಯನ್ನು ಪುಕ್ಕಟೆಯಾಗಿ ಹಾಳುಮಾಡುತ್ತಿದ್ದೆ, ಅಷ್ಟೆ.

ಗಡಿಯಾರವನ್ನು ಕಿತ್ತುಹಾಕಿದೆ. ಎರಡನೆಯ ದಾರಿಗೆ ತಿರುಗಿದೆ. ಆಟ ತೆರೆದಿದ್ದಾಗ ಮಾತ್ರ ಕಾಲ ಓಡಬೇಕು. ಫೋನು ಮುಚ್ಚಿದರೆ, ಯಾರಾದರೂ ಕರೆ ಮಾಡಿದರೆ, ಮನೆಯೊಳಗೆ ಹೋಗಿ ಬೀಜದ ಪೆಟ್ಟಿಗೆ ತೆರೆದರೆ ನಿಲ್ಲಬೇಕು. ಬೆಳೆಯನ್ನು ಗಂಟೆಯಲ್ಲಿ ಅಳೆಯದೆ ಆಟದ ದಿನಗಳಲ್ಲಿ ಅಳೆಯಬೇಕು. ನೀರು ಹಾಕದ ದಿನ ಬೆಳೆ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಇದು ಸ್ಟಾರ್‌ಡ್ಯೂ ವ್ಯಾಲಿಯ ನಿಯಮವೇ.

ದಿನವೆಂದರೆ ಎಷ್ಟು ಉದ್ದ? ಮೊದಲು ಅಲ್ಲಿಯ ಹದಿನಾಲ್ಕು ನಿಮಿಷವನ್ನೇ ಎತ್ತಿಕೊಂಡೆ. ಆ ಆಟದ ಗಣಕದ ಆವೃತ್ತಿಯಲ್ಲಿರುವಂತೆ ಮಲಗಿದಾಗ ಮಾತ್ರ ಆಟ ದಾಖಲಾಗುವ ಹಾಗೆ ಮಾಡಿದೆ. ಮತ್ತೆ ಪಟ್ಟಿ ಮಾತಾಡಿತು. ಅಕ್ಕ ಆಡುತ್ತಿದ್ದುದು ರಾತ್ರಿಗೆ 22ರಿಂದ 27 ನಿಮಿಷ. ಹದಿನಾಲ್ಕು ನಿಮಿಷಕ್ಕೆ ಒಂದು ದಿನ ಮುಗಿಯುತ್ತದೆ, ಎರಡನೆಯ ದಿನದ ನಡುವೆ ಕಣ್ಣು ಎಳೆಯುತ್ತದೆ, ಫೋನು ಮುಚ್ಚುತ್ತಾಳೆ. ಮರುದಿನ ನೋಡಿದರೆ ಆ ಅರ್ಧ ದಿನ ಅಳಿಸಿಹೋಗಿದೆ. ಒಂದೇ ಬೆಳಗ್ಗೆ, ಅದೇ ಮಡಿಗಳಿಗೆ ಅವಳು ಮೂರು ರಾತ್ರಿ ನೀರು ಹಾಕಿದ್ದಳು. ಪಟ್ಟಿಯಲ್ಲಿ ಒಂದೇ ದಿನದ ಅಂಕೆ ಎರಡು ಮೂರು ಸಲ ಬಂದರೆ ಈ ರೋಗವೆಂದು ತಿಳಿಯಬಹುದು.

ಹದಿನಾಲ್ಕು ನಿಮಿಷ ತಪ್ಪೇನಲ್ಲ. ಗಣಕದ ಮುಂದೆ ಒಂದೆರಡು ಗಂಟೆ ಕೂರುವವರಿಗೆ ಅದು ಸರಿಯಾದ ಅಳತೆ. ನನ್ನ ಆಟಗಾರ್ತಿಗೆ ಅದು ಬೇರೆಯವರ ಅಳತೆಯ ರವಿಕೆ. ಆದ್ದರಿಂದ ಅವಳ ರಾತ್ರಿಯಿಂದ ಹಿಂದಕ್ಕೆ ಎಣಿಸಿದೆ. ಇಪ್ಪತ್ತೈದು ನಿಮಿಷದಲ್ಲಿ ಮೂರು ದಿನ ಹಿಡಿಯಬೇಕು. ಹಾಗಾದರೆ ದಿನಕ್ಕೆ ಎಂಟು ನಿಮಿಷ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹದಿನಾರು ಗಂಟೆ, ಗಂಟೆಗೆ ನಮ್ಮ ಅರ್ಧ ನಿಮಿಷ. ಒಂದು ದಿನ ಬಿತ್ತಲು, ಒಂದು ದಿನ ನೋಡಿಕೊಳ್ಳಲು, ಒಂದು ದಿನ ಕೊಯ್ದು ಮಾರಲು ಎಂಬಂತೆ ಒಂದು ರಾತ್ರಿಗೆ ಒಂದು ಪುಟ್ಟ ಕಥೆಯಾದರೂ ಮುಗಿಯುತ್ತದೆ. ದಾಖಲಾತಿಯನ್ನು ಪ್ರತಿಯೊಂದು ಕೆಲಸದ ಹಿಂದೆಯೂ ಆಗುವಂತೆ ಬದಲಾಯಿಸಿದೆ. ಅವಳ ಫೋನು ಹಳೆಯದು. ಕರೆ ಬಂದರೆ ಹಿಂದಿನ ಆಟವನ್ನು ಅದು ಹೇಳದೆ ಕೇಳದೆ ಕೊಂದುಬಿಡುತ್ತದೆ.

ಇನ್ನು ಋತು. ಅಕ್ಕನಿಗೆ ವಾರದಲ್ಲಿ ಆರು ದಿನ ಕೆಲಸ, ಭಾನುವಾರ ರಜೆ. ಆರು ರಾತ್ರಿಗೆ ಮೂರು ಮೂರರಂತೆ ಹದಿನೆಂಟು ದಿನ. ಸೋಮವಾರ ಆರಂಭವಾದ ಮುಂಗಾರು ಶನಿವಾರ ಮುಗಿಯಬೇಕು. ಭಾನುವಾರ ಅವಳು ಮನಸ್ಸಿದ್ದರೆ ಮುಂದಿನ ಋತುವಿನ ಬೀಜದ ಬಗ್ಗೆ ಯೋಚಿಸಬಹುದು, ಇಲ್ಲದಿದ್ದರೆ ಸಿನಿಮಾಕ್ಕೆ ಹೋಗಬಹುದು. ಮುಂಗಾರು, ಹಿಂಗಾರು, ಬೇಸಿಗೆ ಎಂದು ಮೂರು ಋತು. ಮೂರು ವಾರಕ್ಕೆ ಒಂದು ವರ್ಷ. ಋತು ಬದಲಾದ ದಿನ ಆ ಋತುವಿನದಲ್ಲದ ಬೆಳೆ ಒಣಗುತ್ತದೆ. ಇದನ್ನೂ ಸ್ಟಾರ್‌ಡ್ಯೂ ವ್ಯಾಲಿಯಿಂದ ತೆಗೆದುಕೊಂಡೆ. ರಾಗಿಗೆ ಆರು ದಿನವೆಂದು ನಿಗದಿ ಮಾಡಿದೆ. ಆರು ಮೂರಲೆ ಹದಿನೆಂಟು. ಒಂದು ಋತುವಿಗೆ ಮೂರು ಕೊಯ್ಲು. ಎಷ್ಟು ಚೆಂದದ ಲೆಕ್ಕ!

ಎರಡು ವಾರದ ಮೇಲೆ, ಹಿಂಗಾರು ಮುಗಿದ ಶನಿವಾರದ ರಾತ್ರಿ, ಅಕ್ಕ ಅಡುಗೆಮನೆಯಿಂದ ಕೂಗಿದಳು. “ಲೋ, ಇಲ್ಲಿ ಬಾರೋ. ಹದಿನೆಂಟನ್ನ ಆರರಿಂದ ಭಾಗಿಸಿದ್ರೆ ಮೂರು ಅಲ್ವೇನೋ?” ಹೋಗಿ ನೋಡಿದೆ. ಹೊಲವೆಲ್ಲ ಕಂದುಬಣ್ಣ. ಇಪ್ಪತ್ತನಾಲ್ಕು ಮಡಿ ರಾಗಿ ನಿಂತಲ್ಲೇ ಒಣಗಿತ್ತು.

ನನ್ನ ಗಣಿತ ಎಲ್ಲಿ ತಪ್ಪಿತು? ಮೊದಲನೆಯ ದಿನ ಬಿತ್ತಿದ ಆರು ದಿನದ ಬೆಳೆ ಮಾಗುವುದು ಆರನೆಯ ದಿನವಲ್ಲ, ಏಳನೆಯ ದಿನದ ಬೆಳಿಗ್ಗೆ. ಅಂದೇ ಮತ್ತೆ ಬಿತ್ತಿದರೆ ಹದಿಮೂರನೆಯ ದಿನ. ಅಂದು ಬಿತ್ತಿದ್ದು ಹತ್ತೊಂಬತ್ತನೆಯ ದಿನ. ಆದರೆ ಋತುವಿಗಿರುವುದು ಹದಿನೆಂಟೇ ದಿನ. ಕೊಯ್ಲುಗಳನ್ನು ಎಣಿಸಬೇಕಾದರೆ ಋತುವಿನ ದಿನಗಳಲ್ಲಿ ಮೊದಲು ಒಂದನ್ನು ಕಳೆದು, ಆಮೇಲೆ ಬೆಳೆಯ ದಿನಗಳಿಂದ ಭಾಗಿಸಬೇಕು. ಹದಿನೇಳನ್ನು ಆರರಿಂದ ಭಾಗಿಸಿದರೆ ಎರಡು, ಶೇಷ ಐದು. ಹೀಗೆ ಸರಿಸಮವಾಗಿ ಭಾಗವಾಗುವ ಅಂಕೆಗಳೇ ಆಟಗಾರನಿಗೆ ಹೊಂಡ. ನೋಡಲು ಸರಿಹೋಗುವಂತೆ ಕಂಡು ಒಂದೇ ದಿನದಿಂದ ಕೈತಪ್ಪುತ್ತವೆ. ಇಪ್ಪತ್ತೆಂಟು ದಿನದ ಋತುವಿನಲ್ಲಿ ಹನ್ನೆರಡು ದಿನದ ಹೂಕೋಸನ್ನು ಸ್ಟಾರ್‌ಡ್ಯೂ ವ್ಯಾಲಿ ಇಟ್ಟಿರುವುದನ್ನು ಆಮೇಲೆ ಗಮನಿಸಿದೆ. ಒಂದರಂದು ಬಿತ್ತಿದರೆ ಹದಿಮೂರಕ್ಕೆ, ಮತ್ತೆ ಇಪ್ಪತ್ತೈದಕ್ಕೆ. ಎರಡು ಕೊಯ್ಲಾಗಿ ಮೂರು ದಿನ ಉಳಿಯುತ್ತದೆ. ಆ ಮೂರು ದಿನ ಆಡುವವರ ಮರೆವಿಗೆ ಮೀಸಲು.

ಶೇಷವೆಂಬುದು ವ್ಯರ್ಥವಲ್ಲ, ಅದೇ ಆಡುವವರ ಬಿಡುವು ಎಂದು ನನಗೆ ಅಂದು ಅರ್ಥವಾಯಿತು. ಅಕ್ಕ ಒಂದು ರಾತ್ರಿ ಬಿತ್ತನೆ ಮರೆತರೆ ಕಳೆಯುವುದು ಆಟದ ಮೂರು ದಿನ. ಹಾಗಾದರೆ ಮುಖ್ಯ ಬೆಳೆಗಳಿಗೆ ಮೂರು ದಿನದ ಶೇಷ ಇರಬೇಕು. ರಾಗಿಗೆ ಏಳು ದಿನ ಇಟ್ಟೆ: ಒಂದು, ಎಂಟು, ಹದಿನೈದು. ಮೂರು ದಿನ ತಡವಾಗಿ ನಾಲ್ಕರಂದು ಬಿತ್ತಿದರೂ ಹನ್ನೊಂದು, ಹದಿನೆಂಟು. ಎರಡು ಕೊಯ್ಲು ತಪ್ಪುವುದಿಲ್ಲ. ತೊಗರಿಗೆ ಹದಿನಾಲ್ಕು ದಿನ, ಒಂದೇ ಕೊಯ್ಲು, ಅದಕ್ಕೂ ಮೂರು ದಿನದ ಶೇಷ. ಸೊಪ್ಪಿಗೆ ಮೂರು, ಟೊಮೇಟೊಗೆ ಐದು. ಇವುಗಳಲ್ಲಿ ಶೇಷ ಎರಡೇ ದಿನ, ಆದರೆ ಒಂದು ಕೊಯ್ಲು ಹೋದರೂ ಹಿಂದಿನವು ಕೈಸೇರಿರುತ್ತವೆ. ಬೀಜದ ಚೀಲದ ಮೇಲೆ ‘ಇಂದು ಬಿತ್ತಿದರೆ ಇಂಥ ದಿನ ಕೊಯ್ಲು’ ಎಂದೂ ಬರೆಸಿದೆ. ಲೆಕ್ಕ ಮಾಡುವ ಕೆಲಸ ಯಂತ್ರದ್ದು, ಆರಿಸುವುದು ಮನುಷ್ಯರದು.

ಇಷ್ಟಾದರೂ ಋತು ಬದಲಾದೊಡನೆ ಬೆಳೆ ಒಣಗುವ ನಿಯಮ ಉಳಿದಿತ್ತು. ಅದನ್ನು ತೆಗೆಸಿದವರು ನಮ್ಮಪ್ಪ. ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದವರು, “ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನಕ್ಕೊಂದು ಬದಲಾಯ್ತದೆ. ಬದಲಾದ ದಿನ ಹೊಲದಾಗಿರೋ ಪೈರೆಲ್ಲ ಸತ್ತೋಗ್ತದೇನ್ಲಾ? ತಡ ಆದ್ರೆ ಇಳುವರಿ ಕಮ್ಮಿ. ಅಷ್ಟೇಯ,” ಎಂದರು. ಎರಡು ತಿಂಗಳು ಪುಸ್ತಕ, ಪರದೆ ನೋಡಿ ನನಗೆ ಹೊಳೆಯದ ಮಾತು! ಅವರ ಮಾತನ್ನೇ ನಿಯಮ ಮಾಡಿದೆ. ಋತು ಮುಗಿದ ಮೇಲೆ ಆ ಋತುವಿನ ಬೀಜವನ್ನು ಹೊಸದಾಗಿ ಬಿತ್ತಲಾಗದು. ನಿಂತ ಬೆಳೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ತಡವಾದ ಒಂದೊಂದು ದಿನಕ್ಕೆ ಇಳುವರಿಯ ಹತ್ತನೆಯ ಒಂದು ಭಾಗ ಕಡಿಮೆ, ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಹಾಸ್ಟೆಲಿನ ಮಿತ್ರನೊಬ್ಬ ಇದಕ್ಕೆ ಆಕ್ಷೇಪಿಸಿದ. “ಬೆಳೆ ಸಾಯುವುದಿಲ್ಲವೆಂದ ಮೇಲೆ ಆಟವೇ ಸಪ್ಪೆಯಾಯಿತು. ಭಯವಿಲ್ಲದೆ ರುಚಿ ಎಲ್ಲಿ?” ಎಂದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ನಷ್ಟವೇ ಇಲ್ಲದ ಆಟ ಉಪ್ಪಿಲ್ಲದ ಸಾರು. ಆದರೆ ನಷ್ಟ ಯಾವುದಕ್ಕೆ ಆಗಬೇಕೆಂಬುದನ್ನು ನೋಡಬೇಕು. ಬೇಸಿಗೆಯಲ್ಲಿ ನೀರು ಬೇಡುವ ಬೆಳೆ ಹಾಕಿ ಕೆಟ್ಟರೆ, ಸಂತೆಯಲ್ಲಿ ಟೊಮೇಟೊ ಬೆಲೆ ಬಿದ್ದಾಗ ಹೊಲವೆಲ್ಲ ಟೊಮೇಟೊ ಮಾಡಿ ಕೆಟ್ಟರೆ, ಅದು ಆಡುವವರ ಆಯ್ಕೆಯ ಫಲ. ಅಂಥ ನಷ್ಟ ನನ್ನ ಆಟದಲ್ಲಿ ಈಗಲೂ ಧಾರಾಳವಾಗಿದೆ. ಬಸ್ಸು ತಪ್ಪಿದ್ದಕ್ಕೆ, ಜ್ವರ ಬಂದದ್ದಕ್ಕೆ, ನಿದ್ದೆ ಬಂದದ್ದಕ್ಕೆ ಆಟ ದಂಡ ವಿಧಿಸಬಾರದು. ಈ ಎರಡನ್ನೂ ಬೇರೆ ಮಾಡಿದ ಮೇಲೆ ಮಿತ್ರನೂ ಒಪ್ಪಿದ. ಟೊಮೇಟೊ ಹಾಕಿ ಮೂರು ಸಲ ದಿವಾಳಿಯೂ ಆದ.

ಕೊನೆಯದು ತ್ರಾಣ. ಗಡಿಯಾರದಿಂದ ತುಂಬುವ ತ್ರಾಣವನ್ನು ತೆಗೆದು, ಪ್ರತಿ ಬೆಳಿಗ್ಗೆ ಪೂರ್ತಿ ನೂರು ಸಿಗುವಂತೆ ಮಾಡಿದೆ. ಒಂದು ಮಡಿಗೆ ನೀರೆರೆಯಲು ಎರಡು. ಇಪ್ಪತ್ತನಾಲ್ಕು ಮಡಿಗೆ ನಲವತ್ತೆಂಟು; ಉಳಿದ ಅರ್ಧದಲ್ಲಿ ಹೊಸ ಮಡಿ ಅಗೆಯಬೇಕೋ, ಸೌದೆ ಕಡಿಯಬೇಕೋ, ಕೆರೆಗೆ ಗಾಳ ಹಾಕಬೇಕೋ ಎಂದು ಅಕ್ಕ ಆರಿಸಬಹುದು. ತ್ರಾಣವಿರಬೇಕಾದದ್ದು ಈ ಆಯ್ಕೆಗಾಗಿ. ಎಲ್ಲವನ್ನೂ ಮಾಡಲಾಗದೆಂಬುದರಿಂದಲೇ ಯಾವುದನ್ನು ಮಾಡುವುದೆಂಬ ಯೋಚನೆ ಹುಟ್ಟುತ್ತದೆ.

ಅಕ್ಕ ಜಾಣೆ. ಎರಡು ವರ್ಷದಲ್ಲಿ, ಎಂದರೆ ನಮ್ಮ ಆರು ವಾರದಲ್ಲಿ, ಹೊಲವನ್ನು ನಲವತ್ತು ಮಡಿಗೆ ಬೆಳೆಸಿದಳು. ಅಲ್ಲಿಗೆ ಆಟ ಮತ್ತೆ ಕೆಟ್ಟಿತು. ನಲವತ್ತು ಮಡಿಗೆ ನೀರು ಹಾಕಲು ಎಂಬತ್ತು ತ್ರಾಣ. ಪಟ್ಟಿಯಲ್ಲಿ ಒಂದು ದಿನದ ನಲವತ್ತಾರು ಕೆಲಸಗಳಲ್ಲಿ ನಲವತ್ತು ನೀರೆರೆತವೇ. “ನಮ್ಮ ಲೈನಿನ ಹಾಗೇ ಆಯ್ತಲ್ಲೋ ಇದು,” ಎಂದಳು. “ಒಬ್ಬರು ದಿನವೆಲ್ಲಾ ತೋಳೇ ಹೊಲೀಬೇಕು, ಇನ್ನೊಬ್ಬರು ಕಾಲರೇ ಹೊಲೀಬೇಕು.” ಏಳಿಗೆಯ ಫಲವಾಗಿ ಬಿಡುವು ಹೆಚ್ಚಬೇಕಿತ್ತು, ಚಾಕರಿ ಹೆಚ್ಚಿತ್ತು.

ತ್ರಾಣವನ್ನು ಇನ್ನೂರಕ್ಕೆ ಏರಿಸಿದರೆ ಆಗದೇ? ಆಗದು. ಆಗ ನೀರೆರೆಯುವ ಹೊತ್ತು ಹಾಗೇ ಉಳಿಯುತ್ತದೆ, ಆಯ್ಕೆಯ ಇಕ್ಕಟ್ಟು ಮಾತ್ರ ಸಡಿಲವಾಗುತ್ತದೆ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಆರಂಭದ ತ್ರಾಣ 270, ಒಂದು ಮಡಿಯ ನೀರಿಗೆ ಅಲ್ಲಿಯೂ ಎರಡು. ಆದರೆ ಹೊಲ ಬೆಳೆದಂತೆ ಅಲ್ಲಿ ತಾನೇ ನೀರು ಚಿಮ್ಮಿಸುವ ಸಲಕರಣೆಗಳು ದೊರೆಯುತ್ತವೆ; ಮೊದಲನೆಯದು ನಾಲ್ಕು ಮಡಿಗೆ, ಎರಡನೆಯದು ಎಂಟಕ್ಕೆ, ಮೂರನೆಯದು ಇಪ್ಪತ್ತನಾಲ್ಕಕ್ಕೆ. ಆಡುವವರ ದುಡಿಮೆ ಹೊಲದ ಜೊತೆಗೆ ಬೆಳೆಯದಂತೆ ಅವು ತಡೆಯುತ್ತವೆ. ನಾನು ನಮ್ಮೂರಿಗೆ ಒಪ್ಪುವ ಹಾಗೆ ಕಾಲುವೆ ತೆಗೆಸಿದೆ. ಒಂದು ಕಾಲುವೆ ಎಂಟು ಮಡಿಗೆ ನೀರುಣಿಸುತ್ತದೆ. ಮೂರು ಕಾಲುವೆಯಾದರೆ ಇಪ್ಪತ್ತನಾಲ್ಕು ಮಡಿಯ ಚಿಂತೆ ಹೋಯಿತು. ಉಳಿದ ಹದಿನಾರಕ್ಕೆ ಮೂವತ್ತೆರಡು ತ್ರಾಣ. ದಿನನಿತ್ಯದ ಚಾಕರಿ ಯಾವ ಹಂತದಲ್ಲಿಯೂ ತ್ರಾಣದ ಅರ್ಧವನ್ನು ಬಹಳ ದಿನ ಮೀರಬಾರದು ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡೆ. ಮುಂಗಾರಿನಲ್ಲಿ ಮಳೆ ಬಂದ ದಿನ ನೀರೇ ಹಾಕಬೇಕಾಗಿಲ್ಲ. ಅಂದು ನೂರಕ್ಕೆ ನೂರೂ ಅವಳದು. ಕೊಯ್ಲಿಗೆ, ಮಾತಿಗೆ, ಮಾರಾಟಕ್ಕೆ ತ್ರಾಣದ ಖರ್ಚಿಲ್ಲ. ತ್ರಾಣ ಮುಗಿದರೆ ಮೂರ್ಛೆ ಬೀಳುವ ಶಿಕ್ಷೆಯೂ ಇಲ್ಲ. ಬೇಕೆಂದಾಗ ಮಲಗಿದರೆ ದಿನ ಮುಗಿಯಿತು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಹಳೆಯ ‘ಹೊಲ’ವನ್ನು ಹಾಸ್ಟೆಲಿನ ಮಿತ್ರರು ದಿನಕ್ಕೆ ಐದಾರು ಸಲ ತೆರೆಯುತ್ತಿದ್ದರು, ತರಗತಿಯ ಹಿಂದಿನ ಬೆಂಚಿನಲ್ಲೂ ತೆರೆಯುತ್ತಿದ್ದರೆಂದು ಅಧ್ಯಾಪಕರು ಓದುವ ಈ ಪತ್ರಿಕೆಯಲ್ಲಿ ನಾನು ಬರೆಯಬಾರದು. ಹೊಸದನ್ನು ಒಂದು ಸಲ ತೆರೆಯುತ್ತಾರೆ. ಕೆಲವರು ಒಂದು ವರ್ಷ ಮುಗಿಸಿ ಬಿಟ್ಟೂಬಿಟ್ಟರು. ಸೆಳೆತ ಕಡಿಮೆಯಾಯಿತು. ಆದರೆ ಹಿಂದೆ ಅವರು ಬರುತ್ತಿದ್ದುದು ಆಸೆಯಿಂದಲೋ ಬಾಡೀತೆಂಬ ಹೆದರಿಕೆಯಿಂದಲೋ ನನಗೆ ತಿಳಿಯುತ್ತಿರಲಿಲ್ಲ. ಈಗ ಬರುವವರು ಆಸೆಯಿಂದಲೇ ಬರುತ್ತಾರೆ.

ಕಳೆದ ದೀಪಾವಳಿಯ ಮುಂಚೆ ಕಾರ್ಖಾನೆಯಲ್ಲಿ ಓಟಿ ಹೆಚ್ಚಾಗಿ ಅಕ್ಕ ರಾತ್ರಿ ಹತ್ತೂವರೆಗೆ ಮನೆಗೆ ಬರುತ್ತಿದ್ದಳು. ಊಟವನ್ನೂ ಸರಿಯಾಗಿ ಮಾಡದೆ ಮಲಗುತ್ತಿದ್ದಳು. ಹಬ್ಬ ಮುಗಿದ ಮೇಲೆ ನಾನು ಪಟ್ಟಿ ನೋಡಿದೆ. ಹನ್ನೊಂದು ರಾತ್ರಿ ಒಂದು ಸಾಲೂ ಇಲ್ಲ. ಹನ್ನೆರಡನೆಯ ರಾತ್ರಿ 10:15ಕ್ಕೆ ತೆರೆದಿದ್ದಾಳೆ: ಹಿಂಗಾರು, ದಿನ ಹನ್ನೊಂದು, ಬೆಳಿಗ್ಗೆ ಆರು ಗಂಟೆ. ಬಿಟ್ಟುಹೋದಾಗ ಹೇಗಿತ್ತೋ ಹಾಗೆಯೇ. ಮೊದಲನೆಯ ಕೆಲಸ, ಮಾಗಿ ನಿಂತಿದ್ದ ರಾಗಿಯ ಕೊಯ್ಲು. 10:41ಕ್ಕೆ ಮುಚ್ಚಿದ್ದಾಳೆ. ಅದರ ಕೆಳಗಿನ ಸಾಲು ಮರುದಿನ ರಾತ್ರಿಯದು. ನಡುವೆ ಬೆಳಗಿನ ಜಾವದ ಸಾಲು ಯಾವುದೂ ಇರಲಿಲ್ಲ. ಅಂದು ಅವಳು ಚೆನ್ನಾಗಿ ಮಲಗಿದ್ದಳು.